ಶ್ರೀರಂಗಪಟ್ಟಣದ ಕೋಟೆ ಸುತ್ತು, ಮೊದಲೇ ಹೇಳಿದ ದರ

ಶ್ರೀರಂಗಪಟ್ಟಣಕ್ಕೆ ಬರುವ ಹೆಚ್ಚಿನ ಪ್ರವಾಸಿಗರು ರಂಗನಾಥನ ದರ್ಶನ ಮುಗಿಸಿ, ದರಿಯಾ ದೌಲತ್ ನೋಡಿ, ಮೈಸೂರಿನ ದಾರಿ ಹಿಡಿಯುತ್ತಾರೆ. ಕೋಟೆಯೊಳಗೆ ನಡೆದು ನೋಡಬೇಕಾದ ಕಥೆ ಹಾಗೆಯೇ ಉಳಿದುಬಿಡುತ್ತದೆ.

ಬಲ್ಲ ಗೈಡ್ ಆ ಕಥೆಯನ್ನು ಎಲ್ಲಿಂದ ಶುರುಮಾಡಬೇಕೆಂದು ತಿಳಿದಿರುತ್ತಾನೆ. ಅದಕ್ಕೆ ಒಳ್ಳೆಯ ಜಾಗ ದೇವಸ್ಥಾನದ ಉತ್ತರಕ್ಕೆ, ನದಿಯ ಬದಿಗಿರುವ ಕರ್ನಲ್ ಬೈಲಿ ಬಂದೀಖಾನೆ. 1780ರಲ್ಲಿ ಪೊಲ್ಲಿಲೂರಿನಲ್ಲಿ ಸೋತು ಸೆರೆಸಿಕ್ಕ ಬೈಲಿ 1782ರಲ್ಲಿ ಇದೇ ಊರಿನಲ್ಲಿ ಸತ್ತ. ಅದೇ ಯುದ್ಧದಲ್ಲಿ ಸಿಕ್ಕಿಬಿದ್ದ ಡೇವಿಡ್ ಬೇರ್ಡ್ ಇಲ್ಲಿ ಸುಮಾರು ನಾಲ್ಕು ವರ್ಷ ಸೆರೆಯಲ್ಲಿದ್ದು ಬಿಡುಗಡೆಯಾದ. 1799ರ ಮೇ 4ರಂದು ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಅವನೇ! ಇಷ್ಟು ಗೊತ್ತಾದ ಮೇಲೆ ಗೋಡೆ ಒಡೆದ ಜಾಗಕ್ಕೆ ಹೋದರೆ, ಅಲ್ಲಿನ ಸ್ಮಾರಕ ಸ್ತಂಭವನ್ನು ಯಾರೂ ಬರಿ ಕಲ್ಲೆಂದು ನೋಡುವುದಿಲ್ಲ.

ಸ್ಥಳೀಯನ ಅನುಭವ ಬೇಕಾಗುವುದು ಇಲ್ಲಿಯೇ. ದಾಳಿ ನಡೆದದ್ದು ಬೇಸಿಗೆಯಲ್ಲಿ, ಕಾವೇರಿ ಬತ್ತಿ ಬಂಡೆಗಳು ಮೇಲೆದ್ದಿದ್ದಾಗ. ಆಗ ಕನ್ನಂಬಾಡಿ ಕಟ್ಟೆ ಇರಲಿಲ್ಲ. ಮಳೆಗಾಲದಲ್ಲಿ ಕಟ್ಟೆಯಿಂದ ನೀರು ಬಿಟ್ಟಾಗ ಬಂದವರಿಗೆ 'ಸೈನಿಕರು ನಡೆದೇ ದಾಟಿದರು' ಎಂದರೆ ನಂಬಿಕೆ ಬರುವುದಿಲ್ಲ, ಅದನ್ನು ಬಿಡಿಸಿ ಹೇಳಬೇಕು. ಟಿಪ್ಪುವಿನ ದೇಹ ಸಿಕ್ಕಿದ ಜಾಗವನ್ನೂ ನೀರ್ಬಾಗಿಲನ್ನೂ ಒಂದೇ ಎಂದುಕೊಳ್ಳುವವರು ಬಹಳ. ಎರಡೂ ಬೇರೆ ಬೇರೆ ಜಾಗಗಳು ಎಂದು ನಿಲ್ಲಿಸಿ ತೋರಿಸದವನನ್ನು ಗೈಡ್ ಎನ್ನುವುದು ಕಷ್ಟ.

ಇನ್ನು ದುಡ್ಡಿನ ಮಾತು. ತಲೆಗಿಷ್ಟು ಎಂದರೆ ಮಕ್ಕಳನ್ನು ಲೆಕ್ಕಕ್ಕೆ ಸೇರಿಸಬೇಕೇ ಎಂಬಲ್ಲಿಂದ ಚೌಕಾಸಿ ಶುರುವಾಗುತ್ತದೆ. 'ಕೊಟ್ಟಷ್ಟು ಕೊಡಿ' ಎಂದರೆ ಕೊನೆಯಲ್ಲಿ ಇಬ್ಬರಿಗೂ ಮುಜುಗರ. ಅದಕ್ಕಿಂತ ತಂಡಕ್ಕಿಷ್ಟು ಎಂಬ ಒಂದೇ ದರ ವಾಸಿ. ಐದು ಜನರವರೆಗೆ, ಎರಡು ಗಂಟೆಗೆ 600 ರೂಪಾಯಿ ಎಂದಿಟ್ಟುಕೊಳ್ಳಿ. ಇಬ್ಬರೇ ಬಂದರೆ ತಲಾ 300, ಐವರು ಬಂದರೆ ತಲಾ 120, ಗೈಡಿಗೆ ಮಾತ್ರ ಅಷ್ಟೇ. ಜನ ಹೆಚ್ಚಾದರೆ ದರವೂ ಬೇರೆ ಎಂದು ಮೊದಲೇ ಹೇಳಿರಬೇಕು, ಏಕೆಂದರೆ ರಸ್ತೆಯ ಗದ್ದಲದಲ್ಲಿ ಹಿಂದಿದ್ದವರಿಗೆ ದನಿ ಕೇಳುವುದಿಲ್ಲ.

ಗೈಡಿನ ದುಡಿಮೆ ಅಂಗಡಿಯ ಕಮಿಷನ್ ಮೇಲೆ ನಿಂತಿದ್ದರೆ ಬಂದೀಖಾನೆಯಲ್ಲಿ ಐದು ನಿಮಿಷ, ಅಂಗಡಿಯಲ್ಲಿ ಅರ್ಧ ಗಂಟೆ. ದರ ನಿಗದಿಯಾದಾಗ ಆ ಒತ್ತಡ ಕಡಿಮೆ. ಆದರೂ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಕೇಳಿ ನೋಡುವುದು ಪ್ರವಾಸಿಗನ ಹಕ್ಕು.

ಹೊರಡುವುದಕ್ಕೆ ಬೆಳಗ್ಗೆಯೇ ಸರಿ. ಮಧ್ಯಾಹ್ನ ದೇವಸ್ಥಾನದ ಬಾಗಿಲು ಹಾಕುತ್ತಾರೆ, ಶುಕ್ರವಾರ ಮಧ್ಯಾಹ್ನ ಮಸ್ಜಿದ್-ಎ-ಆಲಾದಲ್ಲಿ ನಮಾಜಿನ ಜನಸಂದಣಿ. ಕೋಟೆಯ ಹೊರಗಿರುವ ದರಿಯಾ ದೌಲತ್‌ಗೆ ಆಟೊ ಬೇಕು. ಆಟೊ ಬಾಡಿಗೆ, ಪ್ರವೇಶದ ಟಿಕೆಟ್ ಎರಡೂ ಗೈಡಿನ ದರಕ್ಕೆ ಸೇರಿಲ್ಲ ಎಂಬುದನ್ನೂ ಹೊರಡುವಾಗಲೇ ತಿಳಿಸಿದರೆ ಜಗಳವಿಲ್ಲ. ಅಲ್ಲಿನ ಗೋಡೆಯ ಮೇಲೆ ಪೊಲ್ಲಿಲೂರಿನ ಯುದ್ಧದ ದೊಡ್ಡ ಚಿತ್ರವಿದೆ. ಪಲ್ಲಕ್ಕಿಯಲ್ಲಿ ಕುಳಿತ ಬೈಲಿಯನ್ನು ಅದರಲ್ಲಿ ಹುಡುಕಿಕೊಳ್ಳಬಹುದು.