ಹಿಡಿಯುವುದೇ ಕಷ್ಟ, ಬಿಡದಿರುವುದು ಸುಲಭ

ಪಿಎಲ್‌ಎಲ್ ಎಂದು ಚುಟುಕಾಗಿ ಕರೆಯುವ ಫೇಸ್ ಲಾಕ್ಡ್ ಲೂಪ್, ಹೊರಗಿನಿಂದ ಬಂದ ಅಲೆಯ ಆವರ್ತನವನ್ನು ಬೆನ್ನು ಹತ್ತುವ ಸರ್ಕ್ಯೂಟ್. ಅದರಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ವಿಸಿಒ ಎಂಬ ಆಸಿಲೇಟರ್ ತನ್ನದೇ ಅಲೆ ಹುಟ್ಟಿಸುತ್ತದೆ. ಅದಕ್ಕೆ ಕೊಡುವ ವೋಲ್ಟೇಜ್ ಬದಲಾದರೆ ಆವರ್ತನವೂ ಬದಲಾಗುತ್ತದೆ. ಫೇಸ್ ಡಿಟೆಕ್ಟರ್ ಈ ಅಲೆಯನ್ನು ಒಳಬಂದ ಅಲೆಯೊಂದಿಗೆ ಹೋಲಿಸಿ, ಎರಡರ ಅಂತರಕ್ಕೆ ತಕ್ಕ ವೋಲ್ಟೇಜ್ ಕೊಡುತ್ತದೆ. ಇವೆರಡರ ನಡುವಿನ ಲೋ ಪಾಸ್ ಫಿಲ್ಟರ್ ವೇಗದ ಏರಿಳಿತಗಳನ್ನು ತಡೆದು, ನಿಧಾನದ ಭಾಗವನ್ನಷ್ಟೇ ವಿಸಿಒಗೆ ದಾಟಿಸುತ್ತದೆ.

ಕಾಲೇಜು ಲ್ಯಾಬ್‌ಗಳಲ್ಲಿ ಬಳಕೆಯಾಗುವ 565 ಚಿಪ್ಪನ್ನೇ ನೋಡೋಣ. ಹೊರಗಿನ ಅಲೆ ಇಲ್ಲದಾಗ ಅದರ ವಿಸಿಒ ಓಡುವ ಆವರ್ತನ ಸುಮಾರು 0.3/(RC). 6 ಕಿಲೋಓಮ್ ರೆಸಿಸ್ಟರ್, 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ 5 ಕಿಲೋಹರ್ಟ್ಸ್ ಬರುತ್ತದೆ. ಪ್ಲಸ್ 6, ಮೈನಸ್ 6 ವೋಲ್ಟ್, ಅಂದರೆ ಒಟ್ಟು 12 ವೋಲ್ಟ್ ಸಪ್ಲೈ ಕೊಟ್ಟಾಗ ಲಾಕ್ ರೇಂಜ್ ಆಚೀಚೆ ತಲಾ 8 × 5000/12, ಅಂದರೆ ಸುಮಾರು 3.3 ಕಿಲೋಹರ್ಟ್ಸ್. ಫಿಲ್ಟರ್‌ಗೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದರೆ ಕ್ಯಾಪ್ಚರ್ ರೇಂಜ್ ಆಚೀಚೆ ಬರೀ 0.4 ಕಿಲೋಹರ್ಟ್ಸ್ ಆಸುಪಾಸು.

ಇಷ್ಟು ವ್ಯತ್ಯಾಸ ಏಕೆ? 3 ಕಿಲೋಹರ್ಟ್ಸ್ ಅಲೆ ಕೊಟ್ಟೆವೆನ್ನಿ. ವಿಸಿಒ ಇನ್ನೂ 5ರಲ್ಲೇ ಇದೆ. ಆಗ ಡಿಟೆಕ್ಟರ್‌ನಿಂದ ಹೊರಡುವ ವೋಲ್ಟೇಜ್ ಎರಡರ ವ್ಯತ್ಯಾಸವಾದ 2 ಕಿಲೋಹರ್ಟ್ಸ್ ವೇಗದಲ್ಲಿ ಕುಣಿಯುತ್ತದೆ. ಫಿಲ್ಟರ್ ಅದನ್ನು ಬಹುಪಾಲು ನುಂಗಿಬಿಡುವುದರಿಂದ, ತಿದ್ದಿಕೊಳ್ಳಬೇಕೆಂಬ ಸುದ್ದಿಯೇ ವಿಸಿಒಗೆ ಮುಟ್ಟುವುದಿಲ್ಲ. ಒಳಬರುವ ಅಲೆ 4.6 ಕಿಲೋಹರ್ಟ್ಸ್ ಹತ್ತಿರ ಬಂದಾಗ ವ್ಯತ್ಯಾಸ ಚಿಕ್ಕದಾಗಿ, ಕುಣಿತ ನಿಧಾನವಾಗಿ, ಫಿಲ್ಟರನ್ನು ದಾಟುತ್ತದೆ. ವಿಸಿಒ ಅತ್ತ ವಾಲಿ ಗಪ್ಪನೆ ಹಿಡಿದುಕೊಳ್ಳುತ್ತದೆ. ಹಿಡಿದ ಮೇಲೆ ವ್ಯತ್ಯಾಸ ಸೊನ್ನೆ. ಆಗ ಬೇಕಾಗುವುದು ಸ್ಥಿರ ವೋಲ್ಟೇಜ್ ಮಾತ್ರ, ಅದಕ್ಕೆ ಫಿಲ್ಟರ್ ಅಡ್ಡಿಯಿಲ್ಲ. ಹಾಗಾಗಿ ಅಲೆಯನ್ನು ನಿಧಾನವಾಗಿ ಕೆಳಕ್ಕೆ ಒಯ್ದರೆ, ಮೊದಲು ಹಿಡಿಯಲೊಲ್ಲದ ಅದೇ 3ರಲ್ಲೂ ಲೂಪ್ ಕೈಬಿಡದು. ಬಿಡುವುದು 1.7ರ ಸಮೀಪದಲ್ಲಿ.

ಪರೀಕ್ಷೆ ಕಷ್ಟವಲ್ಲ. ಆಸಿಲೋಸ್ಕೋಪಿನಲ್ಲಿ ಒಳಬಂದ ಅಲೆಗೆ ಟ್ರಿಗರ್ ಮಾಡಿ ಎರಡನ್ನೂ ನೋಡಿದರೆ, ಲಾಕ್ ಆದಾಗ ವಿಸಿಒ ಅಲೆ ನಿಂತಿರುತ್ತದೆ, ತಪ್ಪಿದಾಗ ಜಾರುತ್ತದೆ.

ಈಗ ವಿಸಿಒದಿಂದ ಡಿಟೆಕ್ಟರ್‌ಗೆ ಮರಳುವ ದಾರಿಯಲ್ಲಿ, ಐದರಿಂದ ಭಾಗಿಸುವಂತೆ ಜೋಡಿಸಿದ 7490 ಕೌಂಟರ್ ಇಡೋಣ. ಒಳಗೆ 1 ಕಿಲೋಹರ್ಟ್ಸ್ ಕೊಟ್ಟರೆ, ಭಾಗಿಸಿದ ಅಲೆ ಅದಕ್ಕೆ ಸಮವಾಗಲು ವಿಸಿಒ 5 ಕಿಲೋಹರ್ಟ್ಸ್‌ನಲ್ಲೇ ಓಡಬೇಕು. ಆವರ್ತನ ಐದು ಪಟ್ಟಾಯಿತು! ಒಳಗೆ 1.1 ಆದರೆ ಹೊರಗೆ 5.5. ವಿಸಿಒ ಹರವು 1.7ರಿಂದ 8.3 ಆದ್ದರಿಂದ, ಒಮ್ಮೆ ಹಿಡಿದ ಮೇಲೆ ಒಳಗಿನ ಅಲೆ ಸುಮಾರು 330ರಿಂದ 1670 ಹರ್ಟ್ಸ್‌ವರೆಗೆ ಅಲುಗಾಡಬಹುದು.

ಇಲ್ಲೊಂದು ತೊಡಕಿದೆ. ಹೋಲಿಕೆ ಈಗ 1 ಕಿಲೋಹರ್ಟ್ಸ್‌ನಲ್ಲಿ ನಡೆಯುವುದರಿಂದ ಡಿಟೆಕ್ಟರಿನ ಏರಿಳಿತವೂ ನಿಧಾನವಾಗಿ, ಫಿಲ್ಟರಿನಿಂದ ಹೆಚ್ಚು ಸೋರುತ್ತದೆ. ಹೊರಗಿನ ಅಲೆ ನಡುಗುತ್ತದೆ. ದೊಡ್ಡ ಕೆಪಾಸಿಟರ್ ಹಾಕಿದರೆ ನಡುಕ ತಗ್ಗುತ್ತದೆ, ಆದರೆ ಕ್ಯಾಪ್ಚರ್ ರೇಂಜ್ ಇನ್ನಷ್ಟು ಕಿರಿದಾಗುತ್ತದೆ. ಆದ್ದರಿಂದ ಮೊದಲು ವಿಸಿಒವನ್ನು ಒಂಟಿಯಾಗಿ ಓಡಿಸಿ, ಬೇಕಾದ 5 ಕಿಲೋಹರ್ಟ್ಸ್‌ಗೆ ತೀರಾ ಹತ್ತಿರ ಹೊಂದಿಸಿಕೊಂಡು, ಆಮೇಲೆ ಕೆಪಾಸಿಟರ್ ದೊಡ್ಡದು ಮಾಡಬೇಕು.