ಕನ್ಸಲ್ಟೆನ್ಸಿಗೆ ಬರೆಯುವ ಮೇಲ್ ಬೇರೆ, ಕಂಪನಿಗೆ ಬರೆಯುವ ಮೇಲ್ ಬೇರೆ

ಶಾರ್ಜಾದ ಒಂದು ಬಿಲ್ಡಿಂಗ್ ಮೆಟೀರಿಯಲ್ ಕಂಪನಿಯಲ್ಲಿ ಅಕೌಂಟೆಂಟ್ ಆಗಿರುವ ಬಂಟ್ವಾಳ ಕಡೆಯ ಹುಡುಗನೊಬ್ಬ ರಜೆಯ ದಿನ ಮನೆಗೆ ಬಂದಿದ್ದ. ಐದು ವರ್ಷದ ಅನುಭವ, ವ್ಯಾಟ್ ರಿಟರ್ನ್ ಸ್ವತಃ ಫೈಲ್ ಮಾಡುತ್ತಾನೆ, ಕೆಲಸದಲ್ಲಿ ತಪ್ಪಿಲ್ಲ. "ಅಣ್ಣಾ, ನಲ್ವತ್ತು ಕನ್ಸಲ್ಟೆನ್ಸಿಗೆ ಮೇಲ್ ಹಾಕಿದೆ, ಒಂದಕ್ಕೂ ಉತ್ತರ ಇಲ್ಲ" ಅಂದ. ಮೊಬೈಲ್ ತೆಗೆದುಕೊಂಡು ನೋಡಿದೆ. ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಸೇವೆ ಸಲ್ಲಿಸಲು ಅವಕಾಶ ಕೊಡಿ, ಸಂಸ್ಥೆಯ ಬೆಳವಣಿಗೆಗೆ ದುಡಿಯುತ್ತೇನೆ, ಯಾವ ಕೆಲಸವಾದರೂ ಸರಿ, ಸಂಬಳ ನಿಮ್ಮ ನಿಯಮದ ಪ್ರಕಾರ. ನಲ್ವತ್ತು ಕಡೆಗೂ ಇದೇ ಹೋಗಿದೆ.

ಇಂಗ್ಲಿಷ್‌ನಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ವಿಳಾಸದಲ್ಲಿ. ಆ ಕನ್ಸಲ್ಟೆನ್ಸಿಯಲ್ಲಿ ಇವನಿಗೆ ಕೆಲಸ ಬೇಕಿಲ್ಲವಲ್ಲ! ಅವರು ಇವನನ್ನು ಇನ್ನೊಬ್ಬರ ಮುಂದೆ ನಿಲ್ಲಿಸಬೇಕು, ಇವನ ಪರವಾಗಿ ಮಾತಾಡಬೇಕು. ಅದಕ್ಕೆ ಬೇಕಾದ ಒಂದು ಮಾತೂ ಆ ಮೇಲ್‌ನಲ್ಲಿ ಇರಲಿಲ್ಲ.

ಮೊದಲು ದುಡ್ಡು ಎಲ್ಲಿಂದ ಬರುತ್ತದೆ ಎಂದು ನೋಡೋಣ, ಆಗ ಉಳಿದದ್ದು ತಾನಾಗಿ ತಿಳಿಯುತ್ತದೆ. ಇಲ್ಲಿನ ಸರಿಯಾದ ಕನ್ಸಲ್ಟೆನ್ಸಿಗೆ ಫೀ ಕೊಡುವುದು ಕೆಲಸ ಕೊಡುವ ಕಂಪನಿ. ನಮ್ಮ ಆಫೀಸಿಗೂ ಇಂಥ ಇನ್ವಾಯ್ಸ್ ಬರುತ್ತದೆ, ಬುಕ್ ಮಾಡುವವನು ನಾನೇ. ಕೆಲವರದು ಒಂದು ತಿಂಗಳ ಸಂಬಳ, ಕೆಲವರದು ವರ್ಷದ ಸಂಬಳದ ಇಷ್ಟು ಪರ್ಸೆಂಟ್ ಎಂದು ಒಪ್ಪಂದ. ಉದಾಹರಣೆಗೆ ತಿಂಗಳಿಗೆ 7,000 ದಿರ್ಹಮ್ ಸಂಬಳ, ಹತ್ತು ಪರ್ಸೆಂಟ್ ಫೀ ಎಂದಿಟ್ಟುಕೊಳ್ಳಿ. ವರ್ಷಕ್ಕೆ 84,000, ಫೀ 8,400, ಅದರ ಮೇಲೆ 5 ಪರ್ಸೆಂಟ್ ವ್ಯಾಟ್ 420, ಒಟ್ಟು 8,820. ಇದು ಸಿಗುವುದು ಅಭ್ಯರ್ಥಿ ಕೆಲಸಕ್ಕೆ ಸೇರಿದ ಮೇಲೆ ಮಾತ್ರ. ಸೇರಿದವನು ಒಪ್ಪಂದದ ಅವಧಿಯೊಳಗೆ, ಸಾಮಾನ್ಯವಾಗಿ ಮೂರು ತಿಂಗಳೊಳಗೆ, ಬಿಟ್ಟು ಹೋದರೆ ಕನ್ಸಲ್ಟೆನ್ಸಿಯವರು ಬೇರೆ ಜನ ಕೊಡಬೇಕು, ಇಲ್ಲವಾದರೆ ದುಡ್ಡು ವಾಪಸ್.

ಹಾಗಾಗಿ ನಿಮ್ಮ ಮೇಲ್ ತೆರೆದ ಕನ್ಸಲ್ಟೆಂಟ್ ನೋಡುವುದು ಎರಡೇ. ಇವರನ್ನು ಯಾವ ಹುದ್ದೆಗೆ ಕಳಿಸಬಹುದು? ಕಳಿಸಿದರೆ ನಿಲ್ಲುತ್ತಾರಾ? ಕಂಪನಿಗೆ ಬರೆಯುವಾಗ ಪ್ರಶ್ನೆಯೇ ಬೇರೆ, ಈ ಒಂದು ಹುದ್ದೆಗೆ, ನಮ್ಮ ಈ ವ್ಯವಹಾರಕ್ಕೆ ಇವರು ಹೊಂದುತ್ತಾರಾ ಎಂದು. ಅಲ್ಲಿ ನೀವು ಅವರ ಬಗ್ಗೆ ಓದಿಕೊಂಡು ಅವರ ಅಗತ್ಯದಿಂದ ಶುರು ಮಾಡಬೇಕು. ಕನ್ಸಲ್ಟೆನ್ಸಿಗೆ ನಿಮ್ಮಿಂದಲೇ ಶುರು ಮಾಡಬೇಕು, ಅದೂ ಲೆಕ್ಕದ ಪುಸ್ತಕದ ಹಾಗೆ ಬಿಡಿಸಿ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಸಂಬಳದ ವಿಷಯದಲ್ಲಿ. ಕಂಪನಿಗೆ ನೇರವಾಗಿ ಬರೆಯುವಾಗ, ಅವರು ಕೇಳದಿದ್ದರೆ, ಮೊದಲ ಪತ್ರದಲ್ಲೇ ಸಂಬಳದ ಮಾತು ಎತ್ತುವ ಅಗತ್ಯವಿಲ್ಲ. ಚೌಕಾಸಿಗೆ ಜಾಗ ಉಳಿಯಲಿ. ಕನ್ಸಲ್ಟೆನ್ಸಿಗೆ ಮಾತ್ರ ಈಗಿನ ಸಂಬಳ, ಬೇಕಾದ ಸಂಬಳ ಎರಡನ್ನೂ ಬರೆಯಲೇಬೇಕು, ಯಾಕೆಂದರೆ ಅವರ ಕೈಯಲ್ಲಿರುವ ಹುದ್ದೆಗೆ ಕಂಪನಿ ಬಜೆಟ್ ಮೊದಲೇ ಹೇಳಿರುತ್ತದೆ. ಅಂಕಿ ಇಲ್ಲದ ಸಿವಿಗೆ ಫೋನ್ ಮಾಡಿ ವಿಚಾರಿಸುವ ಬದಲು ಅಂಕಿ ಇರುವ ಸಿವಿಯನ್ನು ತೆಗೆದುಕೊಳ್ಳುತ್ತಾರೆ.

ಬರೆಯುವಾಗ ಬೇಸಿಕ್ ಬೇರೆ, ಒಟ್ಟು ಬೇರೆ ಎಂದು ಬಿಡಿಸಿ ಬರೆಯಿರಿ. ಈ ಹುಡುಗನಿಗೆ ಬೇಸಿಕ್ 3,000, ಮನೆ ಭತ್ಯೆ 1,500, ಓಡಾಟಕ್ಕೆ 1,000, ಒಟ್ಟು 5,500. ಬೇಕಾದದ್ದು 7,000. ಯುಎಇಯಲ್ಲಿ ಗ್ರಾಚುಟಿ ಲೆಕ್ಕ ಬೇಸಿಕ್ ಮೇಲೆ, ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್. 3,000 ಬೇಸಿಕ್ ಇದ್ದರೆ ವರ್ಷಕ್ಕೆ 2,100 ದಿರ್ಹಮ್. ಹೊಸ ಕಂಪನಿ 7,000 ಕೊಟ್ಟು ಅದರಲ್ಲಿ ಬೇಸಿಕ್ 2,500 ಮಾತ್ರ ತೋರಿಸಿದರೆ ಗ್ರಾಚುಟಿ 1,750ಕ್ಕೆ ಇಳಿಯಿತು. ಒಟ್ಟು 7,000, ಬೇಸಿಕ್ 3,500ಕ್ಕೆ ಕಡಿಮೆ ಬೇಡ ಎಂದು ಮೊದಲೇ ಹೇಳಿಟ್ಟರೆ ಕನ್ಸಲ್ಟೆಂಟ್ ಕಂಪನಿಯ ಹತ್ತಿರ ಅದನ್ನೇ ಹೇಳುತ್ತಾನೆ. ಆಫರ್ ಲೆಟರ್ ಬಂದ ಮೇಲೆ ನೀವು ಹೇಳಿದರೆ ಜಗಳದ ಹಾಗೆ ಕಾಣುತ್ತದೆ. ಈಗಿನ ಸಂಬಳವನ್ನು ಏರಿಸಿ ಮಾತ್ರ ಬರೆಯಬೇಡಿ. ಸ್ಯಾಲರಿ ಸರ್ಟಿಫಿಕೇಟ್ ಕೇಳಿದ ದಿನ ಸಿಕ್ಕಿಬೀಳುತ್ತೀರಿ, ಆಮೇಲೆ ಆ ಕನ್ಸಲ್ಟೆನ್ಸಿ ನಿಮ್ಮ ಹೆಸರು ತೆಗೆಯುವುದಿಲ್ಲ.

ಎರಡನೇ ವ್ಯತ್ಯಾಸ, ಹೇಳಿಕೊಳ್ಳಲು ಮುಜುಗರವಾಗುವ ವಿಷಯಗಳು. ಹಳೇ ಕಂಪನಿಯಿಂದ ತೆಗೆದು ಹಾಕಿದ್ದರು, ಎಂಟು ತಿಂಗಳು ಊರಿನಲ್ಲಿ ಖಾಲಿ ಇದ್ದಿರಿ, ಲೇಬರ್ ಕಂಪ್ಲೇಂಟ್ ನಡೆಯುತ್ತಿದೆ. ಕಂಪನಿಗೆ ಬರೆಯುವ ಮೊದಲ ಪತ್ರದಲ್ಲಿ ಇದನ್ನೆಲ್ಲ ತೋಡಿಕೊಳ್ಳುವವರಿಲ್ಲ, ಇಂಟರ್‌ವ್ಯೂನಲ್ಲಿ ಕೇಳಿದಾಗ ಹೇಳಿದರಾಯಿತು. ಕನ್ಸಲ್ಟೆಂಟ್‌ಗೆ ಮೊದಲ ಫೋನ್‌ನಲ್ಲೇ ಹೇಳಿಬಿಡಿ. ಊರಿನಲ್ಲಿ ತಂದೆಗೆ ಹುಷಾರಿರಲಿಲ್ಲ, ಅದಕ್ಕೆ ಗ್ಯಾಪ್ ಎಂದು ಅವನೇ ಕಂಪನಿಗೆ ಹೇಳಿದರೆ ಅದು ಸಣ್ಣ ವಿಷಯ. ಅವನಿಗೇ ಗೊತ್ತಿಲ್ಲದೆ ಇಂಟರ್‌ವ್ಯೂನಲ್ಲಿ ಹೊರಬಿದ್ದರೆ ನಿಮ್ಮ ಜೊತೆ ಅವನ ಮುಖವೂ ಹೋಯಿತು.

ವೀಸಾ ಮತ್ತು ನೋಟಿಸ್ ಪಿರಿಯಡ್ ಎರಡೂ ಮೇಲ್‌ನ ಮೊದಲ ನಾಲ್ಕು ಸಾಲಿನೊಳಗೆ ಇರಲಿ. ಯುಎಇ ಕಾನೂನಿನ ಪ್ರಕಾರ ನೋಟಿಸ್ 30 ದಿನಕ್ಕೆ ಕಡಿಮೆ ಇಲ್ಲ, 90 ದಿನಕ್ಕೆ ಹೆಚ್ಚಿಲ್ಲ. ನಿಮ್ಮದು ಎಷ್ಟು ಎಂದು ಕಾಂಟ್ರಾಕ್ಟ್ ತೆಗೆದು ನೋಡಿ ಬರೆಯಿರಿ, ಅಂದಾಜಿಗೆ ಬೇಡ. ವಿಸಿಟ್ ವೀಸಾದಲ್ಲಿ ಬಂದವರು ಮುಗಿಯುವ ತಾರೀಕು ಬರೆಯಿರಿ. ಗಂಡನ ವೀಸಾದಲ್ಲಿ ಇರುವ ಹೆಣ್ಣುಮಕ್ಕಳು ಇದನ್ನು ಯಾಕೋ ಮುಚ್ಚಿಡುತ್ತಾರೆ. ಮುಚ್ಚಿಡಬೇಡಿ, ಕಂಪನಿಗೆ ರೆಸಿಡೆನ್ಸ್ ವೀಸಾದ ಖರ್ಚು ಉಳಿಯುತ್ತದೆ, ವರ್ಕ್ ಪರ್ಮಿಟ್ ಮಾತ್ರ ಮಾಡಿಸಿದರೆ ಸಾಕು. ಕನ್ಸಲ್ಟೆಂಟ್‌ಗೆ ಅದು ನಿಮ್ಮ ಪರವಾಗಿ ಹೇಳಲು ಸಿಕ್ಕ ಮಾತು.

ಹೀಗೆ ನೋಡಿಕೊಂಡು ಅವನ ಮೇಲ್ ತಿದ್ದಿದೆವು. ಸಬ್ಜೆಕ್ಟ್ ಸಾಲಿನಲ್ಲಿ ಬರೀ 'ಕೆಲಸಕ್ಕೆ ಅರ್ಜಿ' ಎಂದಿತ್ತು. ಅಲ್ಲಿ ಅಕೌಂಟೆಂಟ್, ಯುಎಇ ಅನುಭವ ಐದು ವರ್ಷ, ವ್ಯಾಟ್, ಟ್ಯಾಲಿ, ಶಾರ್ಜಾ, ನೋಟಿಸ್ 30 ದಿನ ಎಂದು ಹಾಕಿದೆವು. ಆರು ತಿಂಗಳ ನಂತರ ಯಾರಿಗೋ ಟ್ಯಾಲಿ ಬರುವವರು ಬೇಕಾದಾಗ ಕನ್ಸಲ್ಟೆಂಟ್ ಮೇಲ್‌ಬಾಕ್ಸ್‌ನಲ್ಲಿ ಹುಡುಕುವುದು ಇಂಥ ಶಬ್ದಗಳನ್ನೇ. ಒಳಗೆ ಬರೆದದ್ದರ ಸಾರ ಇಷ್ಟು:

"ಟ್ರೇಡಿಂಗ್ ಅಥವಾ ಕಾಂಟ್ರಾಕ್ಟಿಂಗ್ ಕಂಪನಿಗಳಲ್ಲಿ ಅಕೌಂಟೆಂಟ್ ಅಥವಾ ಸೀನಿಯರ್ ಅಕೌಂಟೆಂಟ್ ಹುದ್ದೆಗಳಿಗೆ ನೀವು ನನ್ನನ್ನು ಪ್ರತಿನಿಧಿಸಬೇಕೆಂದು ಕೇಳಿಕೊಳ್ಳುತ್ತೇನೆ. ಈಗ ಶಾರ್ಜಾದಲ್ಲಿ ಕಂಪನಿ ವೀಸಾದಲ್ಲಿದ್ದೇನೆ. ಮೂರು ತಿಂಗಳಿಗೊಮ್ಮೆ ವ್ಯಾಟ್ ರಿಟರ್ನ್, ಸುಮಾರು 200 ಗ್ರಾಹಕರ ಬಾಕಿ ವಸೂಲಿ ಲೆಕ್ಕ, ವರ್ಷದ ಆಡಿಟ್‌ಗೆ ಬೇಕಾದ ಶೆಡ್ಯೂಲ್ ನಾನೇ ಮಾಡುತ್ತೇನೆ. ಬೇಸಿಕ್ 3,000, ಒಟ್ಟು 5,500. ನಿರೀಕ್ಷೆ ಒಟ್ಟು 7,000, ಬೇಸಿಕ್ 3,500ಕ್ಕೆ ಕಡಿಮೆ ಇಲ್ಲದೆ. ನೋಟಿಸ್ 30 ದಿನ. ದುಬೈ, ಶಾರ್ಜಾ, ಅಜ್ಮಾನ್ ಆಗುತ್ತದೆ, ಅಬುಧಾಬಿ ಆಗುವುದಿಲ್ಲ. ನನ್ನ ಈಗಿನ ಕಂಪನಿಗೆ ವಿಷಯ ತಿಳಿಯಬಾರದು. ಯಾವ ಕಂಪನಿಗೆ ಸಿವಿ ಕಳಿಸುವ ಮೊದಲೂ ಹೆಸರು ಹೇಳಿ ನನ್ನ ಒಪ್ಪಿಗೆ ಪಡೆಯಿರಿ."

ಯಾವ ಕೆಲಸವಾದರೂ ಸರಿ ಎಂಬುದು ಹೋಯಿತು. ಯಾವ ಕೆಲಸಕ್ಕೂ ಎಂದವನನ್ನು ಯಾವ ಪಟ್ಟಿಯಲ್ಲಿ ಇಡುವುದು? ಸಿವಿಯನ್ನು ಪಿಡಿಎಫ್ ಜೊತೆಗೆ ವರ್ಡ್ ಫೈಲ್‌ನಲ್ಲೂ ಹಾಕಿದೆವು. ಕನ್ಸಲ್ಟೆನ್ಸಿಯವರು ಸಾಮಾನ್ಯವಾಗಿ ನಿಮ್ಮ ಫೋನ್ ನಂಬರ್, ಮೇಲ್ ತೆಗೆದು ತಮ್ಮ ಲೆಟರ್‌ಹೆಡ್ ಹಾಕಿ ಕಂಪನಿಗೆ ಕಳಿಸುತ್ತಾರೆ. ಕಂಪನಿ ನೇರ ನಿಮಗೆ ಫೋನ್ ಮಾಡಿದರೆ ಅವರ ಫೀ ಹೋಗುತ್ತದಲ್ಲ. ಅದರಲ್ಲಿ ಮೋಸವಿಲ್ಲ.

ಕೊನೆಯ ಸಾಲಿನ ಒಪ್ಪಿಗೆ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ನಮ್ಮ ಜನ ಎಡವುವುದು ಅಲ್ಲೇ. ಒಮ್ಮೆ ನಮ್ಮ ಆಫೀಸಿನಲ್ಲಿ ಒಂದೇ ಹುಡುಗನ ಸಿವಿ ಎರಡು ಕನ್ಸಲ್ಟೆನ್ಸಿಯಿಂದ ಬಂತು. ಅದೇ ವಾರ ಅವನು ನೇರವಾಗಿಯೂ ಹಾಕಿದ್ದ. ಅವನನ್ನು ತೆಗೆದುಕೊಂಡರೆ ಇಬ್ಬರೂ ನಾನು ಮೊದಲು ಕಳಿಸಿದ್ದು ಎಂದು ಇನ್ವಾಯ್ಸ್ ಹಿಡಿದು ಬರುತ್ತಾರೆ. ಎಚ್‌ಆರ್ ಏನು ಮಾಡಿದರು? ಈ ತಲೆನೋವು ಬೇಡ ಎಂದು ಅವನ ಸಿವಿಯನ್ನೇ ಬದಿಗಿಟ್ಟರು. ಒಳ್ಳೇ ಹುಡುಗ, ಅವನಿಗೆ ಕಾರಣ ಗೊತ್ತಾಗಲೇ ಇಲ್ಲ. ಕಂಪನಿಗೆ ಬರೆಯುವಾಗ ಈ ಚಿಂತೆಯೇ ಇಲ್ಲ, ಅದು ನಿಮ್ಮ ಮತ್ತು ಅವರ ನಡುವಿನದು. ಕನ್ಸಲ್ಟೆನ್ಸಿಗೆ ಬರೆದ ದಿನದಿಂದ ನಿಮ್ಮ ಹೆಸರು ಬೇರೆಯವರ ಕೈಯಲ್ಲಿ ಓಡಾಡುತ್ತಿರುತ್ತದೆ.

ಅದಕ್ಕೆ ಒಂದು ಎಕ್ಸೆಲ್ ಶೀಟ್ ಸಾಕು. ಕಂಪನಿಯ ಹೆಸರು, ಯಾರ ಮೂಲಕ, ಒಪ್ಪಿಗೆ ಕೊಟ್ಟ ತಾರೀಕು, ಏನಾಯಿತು. ಫೋನ್‌ನಲ್ಲಿ ಒಪ್ಪಿದರೂ ಒಂದು ಸಾಲಿನ ಮೇಲ್ ಕಳಿಸಿ, ಈ ಕಂಪನಿಗೆ ನೀವು ನನ್ನನ್ನು ಕಳಿಸಬಹುದು ಎಂದು. ಇನ್ನೊಬ್ಬರು ಅದೇ ಕಂಪನಿಯ ಹೆಸರು ಹೇಳಿದರೆ, ಈಗಾಗಲೇ ಹೋಗಿದೆ, ಬೇರೆ ಇದ್ದರೆ ಹೇಳಿ ಎನ್ನಿ. ನಲ್ವತ್ತು ಕನ್ಸಲ್ಟೆನ್ಸಿ ಬೇಡ, ನಿಮ್ಮ ಕ್ಷೇತ್ರದ ನಾಲ್ಕೈದು ಸಾಕು. ಕಂಪನಿಯ ಹೆಸರು ಈಗ ಹೇಳಲಾಗದು ಎಂದರೆ, ಇಂತಿಂಥ ಕಡೆ ನಾನು ಈಗಾಗಲೇ ಹಾಕಿದ್ದೇನೆ, ಅದರಲ್ಲಿ ಒಂದಾ ಎಂದು ಕೇಳಿ. ಹೌದು ಅಲ್ಲ ಎನ್ನಲು ಅವರಿಗೆ ಕಷ್ಟವಿಲ್ಲ.

ಇನ್ನು ದುಡ್ಡು ಕೇಳುವವರು. 2022ರ ಫೆಬ್ರವರಿ 2ರಿಂದ ಜಾರಿಯಲ್ಲಿರುವ ಯುಎಇ ಕಾರ್ಮಿಕ ಕಾನೂನು ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡಬಾರದು ಎನ್ನುತ್ತದೆ. ರಿಜಿಸ್ಟ್ರೇಷನ್ ಫೀ, ಸಿವಿ ಸರಿ ಮಾಡುವ ಫೀ, ಇಂಟರ್‌ವ್ಯೂ ಖಾತ್ರಿ ಫೀ ಎಂದು ಮೊದಲ ಮೇಲ್‌ಗೇ ಕೇಳಿದರೆ ಅಲ್ಲಿಗೆ ಬಿಡಿ. ಪಾಸ್‌ಪೋರ್ಟ್, ಎಮಿರೇಟ್ಸ್ ಐಡಿ ಕಾಪಿಯನ್ನೂ ಮೊದಲ ಮೇಲ್‌ಗೆ ಅಂಟಿಸಬೇಡಿ, ಅದು ಆಫರ್ ಹಂತದ ಕಾಗದ. ಊರಿನಿಂದ ಹೊಸದಾಗಿ ಬರುವವರ ವಿಷಯ ಬೇರೆ. ಭಾರತದ ರಿಜಿಸ್ಟರ್ಡ್ ರಿಕ್ರೂಟಿಂಗ್ ಏಜೆಂಟ್ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಯಷ್ಟು ಸರ್ವಿಸ್ ಚಾರ್ಜ್ ತೆಗೆದುಕೊಳ್ಳಬಹುದು, ರಶೀದಿ ಕೊಟ್ಟು. ಅವರ ಲೈಸೆನ್ಸ್ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ಒಂದೂವರೆ ಲಕ್ಷ ಕೇಳುವವನು ಏಜೆಂಟ್ ಅಲ್ಲ ಮಾರಾಯ್ರೆ.

ನೆನಪಿಸುವುದರಲ್ಲೂ ಸಣ್ಣ ವ್ಯತ್ಯಾಸವಿದೆ. ಕಂಪನಿಗೆ ಹತ್ತು ದಿನ ಬಿಟ್ಟು ಒಮ್ಮೆ ಕೇಳಿ ಸುಮ್ಮನಾಗಬೇಕು. ಕನ್ಸಲ್ಟೆನ್ಸಿಗೆ ತಿಂಗಳಿಗೊಮ್ಮೆ ಬರೆಯಬಹುದು, ಆದರೆ ಬರೀ ಏನಾಯಿತು ಎಂದಲ್ಲ. ಕಾರ್ಪೊರೇಟ್ ಟ್ಯಾಕ್ಸ್ ಕೋರ್ಸ್ ಮುಗಿಯಿತು, ಡ್ರೈವಿಂಗ್ ಲೈಸೆನ್ಸ್ ಸಿಕ್ಕಿತು ಎಂಥದಾದರೂ ಹೊಸದು ಇರಲಿ, ಹಳೇ ಮೇಲ್‌ಗೇ ಉತ್ತರವಾಗಿ ಹೋಗಲಿ.

ಡ್ರೈವರ್, ಮೇಸ್ತ್ರಿ, ಹೆಲ್ಪರ್ ಕೆಲಸಕ್ಕೆ ಈ ದಾರಿ ಅಷ್ಟು ನಡೆಯುವುದಿಲ್ಲ. ಅಂಥ ಕೆಲಸಕ್ಕೆ ಹೆಚ್ಚಿನ ಕಂಪನಿಗಳು ನೇರವಾಗಿ ಅಥವಾ ಮ್ಯಾನ್‌ಪವರ್ ಸಪ್ಲೈ ಮೂಲಕ ಜನ ತೆಗೆದುಕೊಳ್ಳುತ್ತವೆ. ಅಕೌಂಟ್ಸ್, ಇಂಜಿನಿಯರ್, ಸೇಲ್ಸ್, ನರ್ಸಿಂಗ್, ಆಫೀಸ್ ಕೆಲಸದವರಿಗೆ ಇದು ಹೊಂದುತ್ತದೆ.

ನಮ್ಮ ಹುಡುಗ ತಿದ್ದಿದ ಮೇಲ್ ಐದು ಕಡೆ ಹಾಕಿದ. ಎರಡು ಕಡೆಯಿಂದ ಫೋನ್ ಬಂತು. ಒಬ್ಬರು 6,000ಕ್ಕೆ ಆಗುತ್ತದಾ ಎಂದು ಕೇಳಿದರು, ಇವನು ಇಲ್ಲ ಎಂದ. ಇನ್ನೊಬ್ಬರು ಕಂಪನಿಯ ಹೆಸರು ಹೇಳಿ ಒಪ್ಪಿಗೆ ಕೇಳಿದರು. ಶೀಟ್ ತೆರೆದು ನೋಡಿದ, ಆ ಹೆಸರು ಅದರಲ್ಲಿ ಇರಲಿಲ್ಲ. ಒಪ್ಪಿಗೆಯ ಮೇಲ್ ಕಳಿಸಿದ್ದಾನೆ, ಮುಂದಿನ ವಾರ ಇಂಟರ್‌ವ್ಯೂ.