ಕ್ವಿಕ್‌ಸಾರ್ಟ್ ಪ್ರಶ್ನೆಗಳಲ್ಲಿ ಪಿವಟ್ ಆಯ್ಕೆಯ ಮರ್ಮ

ಸಂಖ್ಯೆಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸುವ ಕ್ವಿಕ್‌ಸಾರ್ಟ್ ವಿಧಾನವನ್ನು ಬ್ರಿಟನ್ನಿನ ಟೋನಿ ಹೋರ್ 1961ರಲ್ಲಿ ಪ್ರಕಟಿಸಿದರು. ಪಟ್ಟಿಯಿಂದ ಒಂದು ಸಂಖ್ಯೆಯನ್ನು ಪಿವಟ್ ಎಂದು ಆರಿಸಿಕೊಂಡು, ಅದಕ್ಕಿಂತ ಚಿಕ್ಕವನ್ನೆಲ್ಲ ಎಡಕ್ಕೂ ದೊಡ್ಡವನ್ನೆಲ್ಲ ಬಲಕ್ಕೂ ಹಾಕಬೇಕು. ಆಮೇಲೆ ಎರಡೂ ಪಾಲುಗಳಲ್ಲಿ ಇದೇ ಕೆಲಸವನ್ನು ಮತ್ತೆ ಮಾಡಬೇಕು. ಪಾಲು ಹೆಚ್ಚುಕಡಿಮೆ ಸಮವಾದರೆ ಕೆಲಸ ಬೇಗ ಮುಗಿಯುತ್ತದೆ. ಒಂದು ಕಡೆ ಏನೂ ಉಳಿಯದೆ ಎಲ್ಲವೂ ಇನ್ನೊಂದು ಕಡೆಗೆ ಹೋದರೆ, ಪ್ರತಿ ಸುತ್ತಿನಲ್ಲೂ ಪಟ್ಟಿ ಒಂದೇ ಒಂದು ಸಂಖ್ಯೆಯಷ್ಟು ಕಿರಿದಾಗುತ್ತದೆ. ಇದೇ ಅತಿ ಕೆಟ್ಟ ಸ್ಥಿತಿ. ಆಗ n ಸಂಖ್ಯೆಗಳಿಗೆ n(n-1)/2 ಹೋಲಿಕೆಗಳು ಬೇಕು. ಸಾವಿರ ಸಂಖ್ಯೆಗಳಿದ್ದರೆ 4,99,500. ಅದೇ ಸಾವಿರ ಸಂಖ್ಯೆಗಳು ಯದ್ವಾತದ್ವಾ ಕಲೆಸಿದ್ದರೆ ಸರಾಸರಿ 11,000 ಹೋಲಿಕೆಗಳಷ್ಟೇ ಸಾಕು.

ಎಂಜಿನಿಯರಿಂಗ್ ಪದವೀಧರರು ಬರೆಯುವ ಗೇಟ್ ಪರೀಕ್ಷೆಯಲ್ಲಿ ಈ ಅಂತರದ ಮೇಲೆ ಪ್ರಶ್ನೆಗಳು ಮತ್ತೆ ಮತ್ತೆ ಬಂದಿವೆ. 2014ರದ್ದು ತುಂಬ ಸರಳ: ಮೊದಲ ಸಂಖ್ಯೆಯೇ ಪಿವಟ್ ಆದಾಗ, 1 2 3 4 5 ಮತ್ತು 4 1 5 3 2 ಎಂಬ ಎರಡು ಪಟ್ಟಿಗಳಲ್ಲಿ ಯಾವುದಕ್ಕೆ ಹೆಚ್ಚು ಹೋಲಿಕೆ ಬೇಕು? ಮೊದಲ ಪಟ್ಟಿಯಲ್ಲಿ ಪಿವಟ್ 1. ಉಳಿದ ನಾಲ್ಕನ್ನು ಅದರೊಂದಿಗೆ ಹೋಲಿಸಿದರೂ ಎಡಕ್ಕೆ ಯಾವುದೂ ಬರುವುದಿಲ್ಲ. ಮುಂದಿನ ಸುತ್ತಿನಲ್ಲಿ 2ಕ್ಕೆ ಮೂರು ಹೋಲಿಕೆ, ಆಮೇಲೆ ಎರಡು, ಕೊನೆಗೆ ಒಂದು, ಒಟ್ಟು 10. ಎರಡನೆಯದರಲ್ಲಿ 4 ಪಿವಟ್ ಆಗಿ ನಾಲ್ಕು ಹೋಲಿಕೆಗಳ ನಂತರ ಎಡಕ್ಕೆ 1, 3, 2 ಮತ್ತು ಬಲಕ್ಕೆ 5 ನಿಲ್ಲುತ್ತವೆ. ಎಡಪಾಲು ಅದೇ ಕ್ರಮದಲ್ಲಿ ಉಳಿದರೆ ಇನ್ನು ಮೂರು ಹೋಲಿಕೆ ಬೇಕು. ಅದಲುಬದಲಿನಲ್ಲಿ ಅದು 2, 1, 3 ಆದರೆ ಎರಡೇ ಸಾಕು. ಹೇಗೆ ಲೆಕ್ಕ ಹಾಕಿದರೂ 7ನ್ನು ಮೀರುವುದಿಲ್ಲ. ಆಗಲೇ ಜೋಡಣೆಯಾಗಿರುವ ಪಟ್ಟಿಗೇ ಹೆಚ್ಚು ಶ್ರಮ ಬೀಳುತ್ತದೆ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಹಾಗಾದರೆ ಮಧ್ಯದ ಸಂಖ್ಯೆಯನ್ನೇ ಪಿವಟ್ ಮಾಡಿದರೆ ಹೇಗೆ ಎಂಬುದು ಅದೇ ವರ್ಷದ ಇನ್ನೊಂದು ಪ್ರಶ್ನೆ. ಅನೇಕರು ಎಡವುವುದು ಇಲ್ಲಿಯೇ. ಜೋಡಣೆಯಾದ ಪಟ್ಟಿಗೆ ಇದು ಒಳ್ಳೆಯ ಮದ್ದು, ನಿಜ. ಆದರೆ ಅತಿ ಕೆಟ್ಟ ಸ್ಥಿತಿ ಎಂದರೆ ಯಾವುದೋ ಒಂದು ಪಟ್ಟಿಗೆ ಬರುವ ಸ್ಥಿತಿಯಲ್ಲ, ಸಾಧ್ಯವಿರುವ ಎಲ್ಲ ಪಟ್ಟಿಗಳಲ್ಲೂ ಕೆಟ್ಟದ್ದು. 4 2 1 3 5 ಎಂಬ ಪಟ್ಟಿಯನ್ನು ನೋಡಬಹುದು. ಮಧ್ಯದಲ್ಲಿರುವುದು 1, ಎಲ್ಲಕ್ಕಿಂತ ಚಿಕ್ಕದು. ಅದನ್ನು ತೆಗೆದ ಮೇಲೆ 4 2 3 5 ಇದೇ ಕ್ರಮದಲ್ಲಿ ಉಳಿದರೆ, ಮಧ್ಯದ ಎರಡರಲ್ಲಿ ಎಡಗಡೆಯದು 2. ಅದೂ ಹೋದರೆ 4 3 5, ಮಧ್ಯದಲ್ಲಿ 3. ಮತ್ತೆ ಹೋಲಿಕೆಗಳ ಮೊತ್ತ 10. ಆದ್ದರಿಂದ ಉತ್ತರ O(n²) ಎಂದೇ.

2009ರ ಪ್ರಶ್ನೆಯ ದಾರಿ ಬೇರೆ. ಅಲ್ಲಿ ಪಿವಟ್ ಆಗುವುದು n/4ನೆಯ ಅತಿ ಚಿಕ್ಕ ಸಂಖ್ಯೆ. ಅದನ್ನು ಹುಡುಕಲು O(n) ಸಮಯ ಸಾಕು ಎಂದೂ ಪ್ರಶ್ನೆಯಲ್ಲೇ ಕೊಟ್ಟಿದ್ದಾರೆ. ಮಧ್ಯದ ಸಂಖ್ಯೆ ಎಂದಾಗ ಗೊತ್ತಿದ್ದದ್ದು ಅದು ಕುಳಿತ ಜಾಗ ಮಾತ್ರ, ಅದರ ಬೆಲೆ ಏನೂ ಇರಬಹುದಿತ್ತು. ಇಲ್ಲಿ ಗೊತ್ತಿರುವುದು ಬೆಲೆಯಲ್ಲಿ ಅದು ಎಷ್ಟನೆಯದು ಎಂಬುದು. ಹಾಗಾಗಿ ಪಟ್ಟಿ ಹೇಗೇ ಇರಲಿ, ಕಾಲು ಪಾಲು ಒಂದು ಕಡೆ, ಮುಕ್ಕಾಲು ಪಾಲು ಇನ್ನೊಂದು ಕಡೆ:

```
T(n) = T(n/4) + T(3n/4) + cn
```

ಹಂಚಿಕೆ ಓರೆಯಾಗಿ ಕಂಡರೂ ಸಾವಿರ ಸಂಖ್ಯೆಗಳ ಪಟ್ಟಿ ಸುಮಾರು 24 ಹಂತಗಳಲ್ಲಿ ಕರಗಿಹೋಗುತ್ತದೆ. ಸರಿಯಾಗಿ ಅರ್ಧಕ್ಕೆ ಒಡೆದಿದ್ದರೆ ಸುಮಾರು 10 ಹಂತ, ಕೆಟ್ಟ ಸ್ಥಿತಿಯಲ್ಲಿ 999. ಪ್ರತಿ ಹಂತದಲ್ಲೂ ಕೆಲಸ cn ಮೀರುವುದಿಲ್ಲವಾದ್ದರಿಂದ ಉತ್ತರ Θ(n log n). ಬೆಲೆಯಲ್ಲಿ ನಟ್ಟನಡುವೆ ನಿಲ್ಲುವ ಮೀಡಿಯನ್ ಅನ್ನೇ ಪಿವಟ್ ಮಾಡಿದ 2006ರ ಪ್ರಶ್ನೆಗೂ ಇದೇ ಉತ್ತರ.

ಯಾದೃಚ್ಛಿಕವಾಗಿ ಪಿವಟ್ ಆರಿಸುವುದು ಇವೆರಡರ ನಡುವಿನ ಬಗೆ. ಸಂಖ್ಯೆಗಳೆಲ್ಲ ಬೇರೆ ಬೇರೆಯಾಗಿದ್ದರೆ ಯಾವ ಪಟ್ಟಿಗಾದರೂ ನಿರೀಕ್ಷಿತ ಸಮಯ O(n log n). ಆದರೂ ಪ್ರತಿ ಸಲ ದುರದೃಷ್ಟ ಎದುರಾಗುವ ಸಾಧ್ಯತೆ ಅಳಿಯದ್ದರಿಂದ ಅತಿ ಕೆಟ್ಟ ಸ್ಥಿತಿ O(n²) ಆಗಿಯೇ ಉಳಿಯುತ್ತದೆ. ಎಲ್ಲ ಸಂಖ್ಯೆಗಳೂ ಒಂದೇ ಆಗಿದ್ದು, ಸಮನಾದವನ್ನೆಲ್ಲ ಒಂದೇ ಬದಿಗೆ ತಳ್ಳುವ ಪಾರ್ಟಿಷನ್ ಬಳಸಿದರಂತೂ ಪಿವಟ್ ಯಾವುದಾದರೂ ಅಷ್ಟೇ, n² ತಪ್ಪುವುದಿಲ್ಲ. ಪ್ರಶ್ನೆಯಲ್ಲಿ 'ನಿರೀಕ್ಷಿತ' ಎಂದಿದೆಯೇ, 'ಅತಿ ಕೆಟ್ಟ' ಎಂದಿದೆಯೇ ಎಂದು ನೋಡಿಯೇ ಉತ್ತರ ಗುರುತಿಸಬೇಕು.

ನಿಜವಾದ ತಂತ್ರಾಂಶಗಳಲ್ಲಿ ಪ್ರತಿ ಸುತ್ತಿಗೂ ಮೀಡಿಯನ್ ಹುಡುಕುವುದು ದುಬಾರಿ. 1997ರಲ್ಲಿ ಡೇವಿಡ್ ಮಸ್ಸರ್ ಪ್ರಕಟಿಸಿದ ಇಂಟ್ರೋಸಾರ್ಟ್ ಕ್ವಿಕ್‌ಸಾರ್ಟ್ ಆಗಿಯೇ ಶುರುವಾಗಿ, ಹಂತಗಳು ಮಿತಿ ಮೀರಿದೊಡನೆ ಹೀಪ್‌ಸಾರ್ಟ್‌ಗೆ ಬದಲಾಗುತ್ತದೆ. ಆದ್ದರಿಂದ ಅದರ ಅತಿ ಕೆಟ್ಟ ಸ್ಥಿತಿಯೂ O(n log n) ಅನ್ನು ದಾಟುವುದಿಲ್ಲ.